ಕ್ಯಾಶ್, ಕುಕೀ, ಎಳೆ: ಗಣಕ ಪದಗಳನ್ನು ಒರೆಗೆ ಹಚ್ಚುವ ಬಗೆ

ಕನ್ನಡ ಮಾಧ್ಯಮದ ತರಗತಿಗೆ ಗಣಕಯಂತ್ರದ ಪಾಠಯೋಜನೆ ಬರೆಯುವಾಗ ಪ್ರಶಿಕ್ಷಣಾರ್ಥಿಗಳಾದ ನಾವೆಲ್ಲ ಒಂದು ಕಡೆ ಪೆನ್ನು ನಿಲ್ಲಿಸುತ್ತೇವೆ. ಇಂಗ್ಲಿಷಿನ ಪದವನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಬೇಕೇ, ಅದಕ್ಕೊಂದು ಕನ್ನಡ ಪದ ಕೊಡಬೇಕೇ? ಹೆಚ್ಚಿನ ಸಲ ಇದಕ್ಕೆ ಉತ್ತರ ಕೊಡುವುದು ನಮ್ಮ ನಮ್ಮ ಒಲವು. ಕೆಲವರಿಗೆ ಎಲ್ಲವೂ ಕನ್ನಡದಲ್ಲಿರಬೇಕು, ಕೆಲವರಿಗೆ ಮಕ್ಕಳು ಮುಂದೆ ಇಂಗ್ಲಿಷಿನಲ್ಲೇ ಓದುವುದರಿಂದ ಯಾವುದನ್ನೂ ಮುಟ್ಟಬಾರದು. ಒಲವಿನಿಂದ ಆರಿಸಿದ ಪದ ಮಗುವಿನ ತಲೆಯಲ್ಲಿ ಯಾವ ಚಿತ್ರ ಮೂಡಿಸುತ್ತದೆ ಎಂಬುದನ್ನು ಮಾತ್ರ ಯಾರೂ ನೋಡುವುದಿಲ್ಲ. ಮೂರು ಪದಗಳನ್ನು ತೆಗೆದುಕೊಂಡು, ಒಂದೇ ಬಗೆಯ ಪರೀಕ್ಷೆಗೆ ಒಡ್ಡಿದರೆ ಮೂರಕ್ಕೂ ಬೇರೆ ಬೇರೆ ತೀರ್ಪು ಹೇಗೆ ಬರುತ್ತದೆ ಎಂಬುದನ್ನು ಈ ಲೇಖನದಲ್ಲಿ ತೋರಿಸಿದ್ದೇನೆ.

ಪದಗಳು ಬಂದ ದಾರಿಗಳು

ಈಗ ಬಳಕೆಯಲ್ಲಿರುವ ಗಣಕ ಪದಗಳನ್ನು ನೋಡಿದರೆ ಅವು ಮುಖ್ಯವಾಗಿ ಮೂರು ದಾರಿಗಳಲ್ಲಿ ಬಂದಿವೆ. ಮೊದಲನೆಯದು ಎರವಲು: ಮೌಸ್, ಕೀಬೋರ್ಡ್, ಪಾಸ್‌ವರ್ಡ್. ಎರಡನೆಯದು ಹೊಸದಾಗಿ ಕಟ್ಟಿದ ಪದ. ತಂತ್ರಾಂಶ, ಯಂತ್ರಾಂಶ, ಅಂತರಜಾಲ ಇವೆಲ್ಲ ಹೀಗೆ ಬಂದವು. ಮೂರನೆಯದು, ಮೊದಲೇ ಇದ್ದ ಪದದ ಅರ್ಥವನ್ನು ಹಿಗ್ಗಿಸುವುದು. ಇದಕ್ಕೆ ಒಳ್ಳೆಯ ಉದಾಹರಣೆ ‘ಕಡತ’. ಹಿಂದೆ ಬಟ್ಟೆಗೆ ಕಪ್ಪು ಸರಿ ಬಳಿದು, ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ವಸ್ತುವಿಗೆ ಕಡತ ಎನ್ನುತ್ತಿದ್ದರು. ಬಳಿಕ ಕಚೇರಿಯ ಫೈಲಿಗೆ ಆ ಹೆಸರು ಬಂತು. ಈಗ ಗಣಕದ ಫೈಲಿಗೂ ಅದೇ ಹೆಸರು ನಡೆಯುತ್ತದೆ.

ಯಾವ ದಾರಿ ಹಿಡಿಯಬೇಕು ಎಂಬುದರ ಬಗ್ಗೆ ಹಳೆಯ ಚರ್ಚೆಯೇ ಇದೆ. 1961ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವು ಮೂಲವಸ್ತುಗಳ ಹೆಸರು, ಅಳತೆಯ ಮಾನಗಳಂಥ ಅಂತರರಾಷ್ಟ್ರೀಯ ಪದಗಳನ್ನು ಹಾಗೆಯೇ ಉಳಿಸಿಕೊಂಡು, ಪರಿಕಲ್ಪನೆಗಳನ್ನು ಹೇಳುವ ಪದಗಳನ್ನು ಅನುವಾದಿಸಬೇಕೆಂಬ ನಿಲುವು ತಳೆಯಿತು. ಭಾರತದ ಭಾಷೆಗಳ ನಡುವೆ ಏಕರೂಪತೆ ಇರಲೆಂದು ಸಂಸ್ಕೃತ ಧಾತುಗಳಿಗೆ ಅದು ಒತ್ತು ಕೊಟ್ಟಿತು. ಇದಕ್ಕೆ ಎದುರಾಗಿ ಡಿ.ಎನ್. ಶಂಕರ ಬಟ್ ಅವರು ಕನ್ನಡದ್ದೇ ಬೇರುಗಳಿಂದ, ಕನ್ನಡದ್ದೇ ಪದರಚನೆಯ ನಿಯಮಗಳಿಂದ ಹೊಸ ಪದ ಕಟ್ಟಬೇಕು ಎಂದು ವಾದಿಸಿದರು. ಎರಡು ವಾದಗಳೂ ಪದ ಎಲ್ಲಿಂದ ಬರಬೇಕು ಎಂಬುದನ್ನು ಹೇಳುತ್ತವೆ. ಬಂದ ಪದ ತರಗತಿಯಲ್ಲಿ ಕೆಲಸ ಮಾಡುತ್ತದೆಯೇ ಎಂದು ನೋಡುವುದು ಬೇರೆ ಕೆಲಸ. ಅದು ಶಿಕ್ಷಕರ ಪಾಲಿಗೆ ಬರುತ್ತದೆ.

ನಾನು ಬಳಸುವ ಪರೀಕ್ಷೆಗಳು ನಾಲ್ಕು. ಒಂದು, ಪದವು ಪರಿಕಲ್ಪನೆಯ ಮುಖ್ಯ ಗುಣವನ್ನು ಹೇಳುತ್ತದೆಯೇ, ಅಥವಾ ಕನಿಷ್ಠ ತಪ್ಪು ಗುಣವನ್ನು ಹೇಳದೆ ಇರುತ್ತದೆಯೇ? ಎರಡು, ಅದೇ ಮಗುವಿನ ಬೇರೆ ಪಾಠಗಳಲ್ಲಿ ಆ ಪದಕ್ಕೆ ಬೇರೆ ಅರ್ಥ ಇದೆಯೇ? ಮೂರು, ವಿಭಕ್ತಿ ಪ್ರತ್ಯಯ ಹಚ್ಚಿ ವಾಕ್ಯದಲ್ಲಿಟ್ಟಾಗ ಅದು ನಿಲ್ಲುತ್ತದೆಯೇ? ನಾಲ್ಕು, ಅದರಿಂದ ಮುಂದಿನ ಪದಗಳು ಹುಟ್ಟುತ್ತವೆಯೇ? ತಂತ್ರಾಂಶ ಎಂದ ಕೂಡಲೇ ಯಂತ್ರಾಂಶ ಅರ್ಥವಾಗುತ್ತದಲ್ಲ, ಹಾಗೆ.

ಕ್ಯಾಶ್: ಮೊದಲು ಪರಿಕಲ್ಪನೆ, ಆಮೇಲೆ ಪದ

ನಿಘಂಟು ತೆರೆದರೆ ಈ ಪದಕ್ಕೆ ಅಡಗುದಾಣ, ಗುಪ್ತ ಸಂಗ್ರಹ ಎಂಬ ಅರ್ಥ ಸಿಗುತ್ತದೆ. ಅಡಗಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಅದು ಬಂದಿದೆ. ಗಣಕ ಕ್ಷೇತ್ರದಲ್ಲಿ ಅದು ನೆಲೆಯೂರಿದ್ದು 1968ರಲ್ಲಿ, ಐಬಿಎಂ ಕಂಪನಿಯ ಸಿಸ್ಟಮ್/360 ಮಾದರಿ 85ನ್ನು ವಿವರಿಸಿದ ಲೇಖನದ ಮೂಲಕ. ಸಂಸ್ಕಾರಕಕ್ಕೂ ಮುಖ್ಯ ಸ್ಮೃತಿಗೂ ನಡುವೆ ಇಟ್ಟ ಸಣ್ಣ, ವೇಗದ ಸ್ಮೃತಿಗೆ ಆ ಹೆಸರು ಕೊಟ್ಟರು. ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಅದು ಬೀಳುವುದಿಲ್ಲ, ತಾನಾಗಿಯೇ ಕೆಲಸ ಮಾಡುತ್ತದೆ. ಆ ಮಟ್ಟಿಗೆ ‘ಅಡಗಿದ್ದು’ ಎಂಬುದು ನಿಜ. ಆದರೆ ಕಲಿಯುವವರಿಗೆ ಬೇಕಾದ ಮುಖ್ಯ ಗುಣ ಅದಲ್ಲ.

ಹಾಗಾದರೆ ಯಾವುದು? ಇಂದಿನ ಗಣಕದಲ್ಲಿ ಮುಖ್ಯ ಸ್ಮೃತಿ 8 ಗಿಗಾಬೈಟ್ ಇದ್ದರೆ, ಸಂಸ್ಕಾರಕದ ಒಂದೊಂದು ಕೋರ್‌ಗೆ ಅತಿ ಹತ್ತಿರದ ಕ್ಯಾಶ್ ಕೆಲವೇ ಹತ್ತು ಕಿಲೋಬೈಟ್ ಇರುತ್ತದೆ. ಅಲ್ಲಿಂದ ಮಾಹಿತಿ ತರಲು ಸುಮಾರು 1 ನ್ಯಾನೋಸೆಕೆಂಡ್ ಸಾಕು. ಮುಖ್ಯ ಸ್ಮೃತಿಯಿಂದ ತರಲು ನೂರರ ಹತ್ತಿರ ಬೇಕು. ಹಾಗಾಗಿ ಮತ್ತೆ ಮತ್ತೆ ಬೇಕಾಗುವುದರ ಒಂದು ಪ್ರತಿಯನ್ನು ಹತ್ತಿರದಲ್ಲಿ ಇಟ್ಟುಕೊಳ್ಳುತ್ತದೆ. ಬ್ರೌಸರ್ ಕೂಡ ಇದನ್ನೇ ಮಾಡುತ್ತದೆ: ಒಮ್ಮೆ ತೆರೆದ ಪುಟದ ಚಿತ್ರಗಳ ಪ್ರತಿಯನ್ನು ಫೋನಿನಲ್ಲೇ ಇಟ್ಟುಕೊಂಡು ಮುಂದಿನ ಸಲ ಬೇಗ ತೋರಿಸುತ್ತದೆ. ಎರಡರಲ್ಲೂ ಮುಖ್ಯವಾದುದು ಮೂರು ಸಂಗತಿ. ಅಲ್ಲಿರುವುದು ಪ್ರತಿ, ಮೂಲ ಬೇರೆ ಕಡೆ ಇದೆ. ಪ್ರತಿ ಅಳಿಸಿದರೆ ಹೋಗುವುದು ಸಮಯ ಮಾತ್ರ, ಮಾಹಿತಿ ಅಲ್ಲ. ಮೂಲ ಬದಲಾದರೂ ಪ್ರತಿ ಹಳೆಯದಾಗಿಯೇ ಉಳಿದಿರಬಹುದು.

ಗ್ರಂಥಾಲಯದ ಪುಸ್ತಕದಿಂದ ಒಂದು ಸೂತ್ರವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡ ವಿದ್ಯಾರ್ಥಿ ಈ ಮೂರನ್ನೂ ವಿವರಿಸುತ್ತಾನೆ. ಚೀಟಿ ಕಳೆದರೆ ಮತ್ತೆ ಗ್ರಂಥಾಲಯಕ್ಕೆ ನಡೆಯಬೇಕು, ಅಷ್ಟೇ. ಪುಸ್ತಕದ ಹೊಸ ಮುದ್ರಣದಲ್ಲಿ ತಿದ್ದುಪಡಿ ಬಂದಿದ್ದರೆ ಚೀಟಿಯಲ್ಲಿ ಹಳೆಯದೇ ಇರುತ್ತದೆ. ಇದಕ್ಕೆ ಕೆಲವರು ಅಡುಗೆಮನೆಯ ಒಗ್ಗರಣೆ ಡಬ್ಬಿಯ ಹೋಲಿಕೆ ಕೊಡುತ್ತಾರೆ. ಸಣ್ಣದು, ಒಲೆಯ ಹತ್ತಿರದ್ದು ಎಂಬ ಮಟ್ಟಿಗೆ ಅದು ಸರಿ. ಆದರೆ ಡಬ್ಬಿಗೆ ಬಂದ ಸಾಸಿವೆ ಪ್ರತಿಯಲ್ಲ, ಸಾಸಿವೆಯೇ. ಡಬ್ಬಿ ಚೆಲ್ಲಿದರೆ ಅಷ್ಟು ಸಾಸಿವೆ ಹೋದಂತೆಯೇ. ಹಾಗಾಗಿ ಅಳಿಸುವ ಮಾತು ಬಂದಾಗ ಈ ಹೋಲಿಕೆ ಮಗುವನ್ನು ದಾರಿ ತಪ್ಪಿಸುತ್ತದೆ.

ಈಗ ಪದಗಳನ್ನು ಪರೀಕ್ಷಿಸೋಣ. ‘ಅಡಗುದಾಣ’ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ, ಅದು ಕಳ್ಳರನ್ನು ನೆನಪಿಸುತ್ತದೆಯೇ ಹೊರತು ವೇಗವನ್ನಲ್ಲ. ‘ನಕಲು’ ಎಂಬುದರಿಂದ ಪದ ಕಟ್ಟಿದರೆ ಶಾಲೆಯಲ್ಲಿ ಅದರ ಅರ್ಥ ಪರೀಕ್ಷೆಯ ನಕಲು. ‘ಕೈಪ್ರತಿ’ ಎಂದರೆ ಹಸ್ತಪ್ರತಿ ಎಂದುಕೊಳ್ಳುತ್ತಾರೆ. ‘ತಾತ್ಕಾಲಿಕ ಸ್ಮೃತಿ’ ಚೆನ್ನಾಗಿ ಕೇಳಿಸುತ್ತದೆ, ಆದರೆ ಮಕ್ಕಳು ರ‍್ಯಾಮ್ ಎಂದರೆ ತಾತ್ಕಾಲಿಕ ಸ್ಮೃತಿ ಎಂದು ಆಗಲೇ ಕಲಿತಿರುತ್ತಾರೆ. ಎರಡನೆಯ ಪರೀಕ್ಷೆಯಲ್ಲಿ ಅದು ಬೀಳುತ್ತದೆ.

‘ಸಂಗ್ರಹ’ ಎಂಬುದಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ನಷ್ಟವಾಗುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಆ್ಯಪ್‌ನ ವಿವರ ತೆರೆದರೆ `Clear storage` ಮತ್ತು `Clear cache` ಎಂಬ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿರುತ್ತವೆ. ಎರಡನೆಯದನ್ನು ಒತ್ತಿದರೆ ಪ್ರತಿಗಳು ಮಾತ್ರ ಹೋಗುತ್ತವೆ. ಮೊದಲನೆಯದನ್ನು ಒತ್ತಿದರೆ ಆ ಆ್ಯಪ್ ಫೋನಿನಲ್ಲಿ ಇಟ್ಟುಕೊಂಡ ಎಲ್ಲವೂ ಹೋಗುತ್ತದೆ: ಲಾಗಿನ್, ಸೆಟ್ಟಿಂಗ್‌ಗಳು, ಬೇರೆಲ್ಲೂ ಉಳಿಸದ ಟಿಪ್ಪಣಿಗಳು. ಅನುವಾದಕರು ಒಂದಕ್ಕೆ ‘ಸಂಗ್ರಹ’, ಇನ್ನೊಂದಕ್ಕೆ ‘ಸಂಗ್ರಹಣೆ’ ಎಂದು ಬರೆದರೆ, ಫೋನ್ ನಿಧಾನವಾಯಿತೆಂದು ಜಾಗ ಖಾಲಿ ಮಾಡಲು ಹೊರಟ ಅಜ್ಜಿಗೆ ಅವೆರಡರ ವ್ಯತ್ಯಾಸ ಹೇಗೆ ತಿಳಿಯಬೇಕು? ಒಂದೊಂದಾಗಿ ನೋಡಿದರೆ ಎರಡೂ ಸರಿಯಾದ ಕನ್ನಡ ಪದಗಳೇ. ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ತಪ್ಪು ಕಾಣುತ್ತದೆ. ಒಂದು ಪದವನ್ನು ಅದರ ನೆರೆಯ ಪದದೊಂದಿಗೆ ಇಟ್ಟೇ ಅಳೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗೆಂದು ಎರವಲು ಸುಲಭವೂ ಅಲ್ಲ. ಇಂಗ್ಲಿಷಿನಲ್ಲಿ ಹಣದ ಪದಕ್ಕೂ ಈ ಪದಕ್ಕೂ ಉಚ್ಚಾರಣೆ ಒಂದೇ ಆದರೂ ಅಕ್ಷರಗಳು ಬೇರೆ. ಕನ್ನಡದಲ್ಲಿ ನುಡಿದಂತೆ ಬರೆಯುವುದರಿಂದ ಎರಡೂ ‘ಕ್ಯಾಶ್’ ಆಗುತ್ತವೆ. ಅಭ್ಯಾಸ ಬೋಧನೆಯ ಒಂಬತ್ತನೇ ತರಗತಿಯಲ್ಲಿ ಪಾಠಕ್ಕೆ ಮೊದಲು ಈ ಪದ ಕೇಳಿದಾಗ ಏನು ನೆನಪಾಗುತ್ತದೆ ಎಂದು ಕೇಳಿದೆ. “ದುಡ್ಡು ಮಿಸ್, ಫೋನ್‌ಪೇ ಅಲ್ಲ, ಕೈಲಿ ಕೊಡೋದು” ಎಂದ ಒಬ್ಬ ಹುಡುಗ. ಅವನ ಕನ್ನಡದಲ್ಲಿ ಅದು ಪೂರ್ತಿ ಸರಿಯಾದ ಉತ್ತರ.

ನನ್ನ ತೀರ್ಪು ಹೀಗಿದೆ. ಪಾರಿಭಾಷಿಕ ಪದವಾಗಿ ‘ಕ್ಯಾಶ್’ ಅನ್ನೇ ಉಳಿಸಿಕೊಳ್ಳಬೇಕು, ಆದರೆ ಒಂಟಿಯಾಗಿ ಅಲ್ಲ. ‘ಕ್ಯಾಶ್ ಸ್ಮೃತಿ’, ‘ಬ್ರೌಸರ್ ಕ್ಯಾಶ್’ ಎಂದು ಜೊತೆಪದದೊಂದಿಗೆ ಬಳಸಿದರೆ ಹಣದ ಅರ್ಥ ದೂರವಾಗುತ್ತದೆ. ಗುಂಡಿಯ ಮೇಲೆ ಬರೆಯುವಾಗ ಪಾರಿಭಾಷಿಕ ಪದವೇ ಬೇಕೆಂದಿಲ್ಲ, ‘ತಾತ್ಕಾಲಿಕ ಪ್ರತಿಗಳನ್ನು ಅಳಿಸಿ’ ಎಂದರೆ ಸಾಕು. ಮೂಲಕ್ಕೆ ಧಕ್ಕೆ ಇಲ್ಲ ಎಂಬುದನ್ನು ‘ಪ್ರತಿ’ ಎಂಬ ಪದವೇ ಹೇಳುತ್ತದೆ. ಪಾಠದ ಪದಕ್ಕೂ ಗುಂಡಿಯ ಬರಹಕ್ಕೂ ಕೆಲಸ ಬೇರೆ, ಎರಡೂ ಒಂದೇ ಆಗಿರಬೇಕಾಗಿಲ್ಲ.

ಕುಕೀ: ಹೆಸರು ತಿನಿಸಿನದು, ಕೆಲಸ ಟೋಕನಿನದು

ಜಾಲತಾಣದ ಸರ್ವರ್‌ಗೆ ಹಿಂದಿನ ಭೇಟಿಯ ನೆನಪು ತಾನಾಗಿ ಇರುವುದಿಲ್ಲ. ಒಂದು ಪುಟ ಕೇಳಿದವರೇ ಮುಂದಿನ ಪುಟ ಕೇಳುತ್ತಿದ್ದಾರೆ ಎಂಬುದು ಅದಕ್ಕೆ ತಿಳಿಯದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದಕ್ಕೊಂದು ಉಪಾಯ ಹೂಡಿದರು. ಸರ್ವರ್ ಉತ್ತರದ ಜೊತೆ ಒಂದು ಸಣ್ಣ ಬರಹ ಕಳಿಸುತ್ತದೆ, ಬ್ರೌಸರ್ ಮುಂದಿನ ಸಲ ಅದನ್ನು ಹಾಗೆಯೇ ಹಿಂದಿರುಗಿಸುತ್ತದೆ.

```
Set-Cookie: id=47
Cookie: id=47
```

ಮೊದಲ ಸಾಲು ಸರ್ವರ್ ಕಳಿಸಿದ್ದು, ಎರಡನೆಯದು ಬ್ರೌಸರ್ ಹಿಂದಿರುಗಿಸಿದ್ದು. 47 ಎಂದರೆ ಏನೆಂದು ಬ್ರೌಸರ್‌ಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಯುನಿಕ್ಸ್ ಬಳಸುವವರು ಹೀಗೆ ಅರ್ಥ ತಿಳಿಯದೆ ಕೈಯಿಂದ ಕೈಗೆ ದಾಟಿಸುವ ಗುರುತಿಗೆ ಮೊದಲೇ ‘ಮ್ಯಾಜಿಕ್ ಕುಕೀ’ ಎನ್ನುತ್ತಿದ್ದರು, ಹೆಸರು ಅಲ್ಲಿಂದ ಬಂತು. ಆದ್ದರಿಂದ ಬಿಸ್ಕತ್ತು ಎಂದು ಅನುವಾದಿಸಿದರೆ ಪದ ಕನ್ನಡಕ್ಕೆ ಬಂದೀತು, ಪರಿಕಲ್ಪನೆ ಬಾರದು.

ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಕಡೆ ಕೊಡುವ ಟೋಕನ್ ಈ ಕೆಲಸಕ್ಕೆ ಸರಿಯಾದ ಹೋಲಿಕೆ. ಟೋಕನಿನ ಮೇಲಿನ ಸಂಖ್ಯೆ ನಮಗೆ ಏನೂ ಹೇಳುವುದಿಲ್ಲ. ಹಿಂದಿರುಗಿಸಿದಾಗ ಚಪ್ಪಲಿ ಕಾಯುವವರಿಗೆ ಯಾವ ಗೂಡು ಎಂದು ತಿಳಿಯುತ್ತದೆ. ಟೋಕನ್ ತಂದವರು ಯಾರು ಎಂದು ಅವರು ಕೇಳುವುದಿಲ್ಲ.

ಈ ಕೊನೆಯ ಅಂಶದಿಂದಲೇ ‘ಗುರುತುಚೀಟಿ’ ಎಂಬ ಪದವನ್ನು ಅಳೆಯಬಹುದು. ಅದು ಕನ್ನಡದ ಪದ, ಹೇಳಲು ಸುಲಭ, ಕೆಲಸಕ್ಕೂ ಹತ್ತಿರ. ಆದರೆ ಮತದಾರರ ಗುರುತಿನ ಚೀಟಿಯನ್ನು ನೋಡಿದ ಮಗು, ಕುಕೀಯಲ್ಲಿ ತನ್ನ ಹೆಸರು, ವಿಳಾಸ, ಫೋಟೊ ಇವೆ ಎಂದುಕೊಳ್ಳುತ್ತದೆ. ಕುಕೀ ಗುರುತಿಸುವುದು ವ್ಯಕ್ತಿಯನ್ನಲ್ಲ, ಆ ಬ್ರೌಸರನ್ನು. ನಾವು ಲಾಗಿನ್ ಆದಾಗ ಅಥವಾ ಒಂದೇ ಜಾಹೀರಾತು ಕಂಪನಿಯ ಕುಕೀ ಹಲವು ತಾಣಗಳಲ್ಲಿ ಹಿಂದಿರುಗಿದಾಗ ಮಾತ್ರ ಅದು ನಮ್ಮತ್ತ ಬೆರಳು ತೋರುತ್ತದೆ. `Accept all` ಎಂಬ ಗುಂಡಿ ಒತ್ತುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು. ತಪ್ಪು ಅರ್ಥ ಕೊಡುವ ಕನ್ನಡ ಪದಕ್ಕಿಂತ, ಏನೂ ಅರ್ಥ ಕೊಡದ ಎರವಲು ಇಲ್ಲಿ ವಾಸಿ. ಖಾಲಿ ಪದದೊಳಗೆ ಅರ್ಥ ತುಂಬುವ ಅವಕಾಶ ಶಿಕ್ಷಕರಿಗೆ ಉಳಿಯುತ್ತದೆ.

ಮೂರನೆಯ ಪರೀಕ್ಷೆಯಲ್ಲೂ ಇದು ಸಲೀಸಾಗಿ ದಾಟುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರಾಂತ. ಅದಕ್ಕೇ ಬಸ್ ‘ಬಸ್ಸು’ ಆಯಿತು, ಕಾರ್ ‘ಕಾರು’ ಆಯಿತು. ಕುಕೀ ಸ್ವರದಲ್ಲೇ ಮುಗಿಯುವುದರಿಂದ ಕುಕೀಯನ್ನು, ಕುಕೀಗೆ, ಕುಕೀಗಳು ಎಂದು ಪ್ರತ್ಯಯಗಳು ತಡೆಯಿಲ್ಲದೆ ಹತ್ತುತ್ತವೆ. ಒಂದೇ ಎಚ್ಚರಿಕೆ: ‘ಕುಕಿ’ ಎಂದು ಹ್ರಸ್ವವಾಗಿ ಬರೆದರೆ ಪತ್ರಿಕೆಗಳಲ್ಲಿ ಬರುವ ಮಣಿಪುರದ ಸಮುದಾಯದ ಹೆಸರಾಗುತ್ತದೆ. ದೀರ್ಘವಾಗಿ ‘ಕುಕೀ’ ಎಂದು ಬರೆಯುವುದು ಒಳ್ಳೆಯದು.

ಎಳೆ: ಕನ್ನಡ ಗೆಲ್ಲುವ ಕಡೆ

ಥ್ರೆಡ್ ಎಂಬುದಕ್ಕೆ ಗಣಕದಲ್ಲಿ ಎರಡು ಅರ್ಥ. ಒಂದು, ಒಂದು ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ನಡೆಯುವ ಸೂಚನೆಗಳ ಸಾಲು. ಇಂಥ ಹಲವು ಸಾಲುಗಳು ಒಂದೇ ಪ್ರೋಗ್ರಾಂ ಒಳಗೆ, ಅದೇ ಸ್ಮೃತಿಯನ್ನು ಹಂಚಿಕೊಂಡು ನಡೆಯಬಹುದು. ಇನ್ನೊಂದು, ಒಂದು ವಿಷಯದ ಮೇಲೆ ಒಂದರ ಹಿಂದೆ ಒಂದು ಬಂದ ಪತ್ರಗಳ ಸರಣಿ.

ಇಲ್ಲಿ ಕನ್ನಡ ಕೈಕೊಡುವುದಿಲ್ಲ. ‘ದಾರ’ ಹೊಲಿಗೆಯ ವಸ್ತುವಾಗಿಯೇ ಉಳಿಯುತ್ತದೆ. ‘ತಂತು’ ಶಾಸ್ತ್ರೀಯವಾಗಿ ಕೇಳಿಸುತ್ತದೆ, ಆದರೆ ಜೀವಶಾಸ್ತ್ರದಲ್ಲಿ ವರ್ಣತಂತು, ಭೌತಶಾಸ್ತ್ರದಲ್ಲಿ ಬಲ್ಬಿನ ತಂತು ಎಂದು ಅದೇ ಮಗು ಆಗಲೇ ಓದುತ್ತಿದೆ. ‘ಎಳೆ’ ಮಾತ್ರ ಎರಡು ಅರ್ಥಗಳಿಗೂ ಒಗ್ಗುತ್ತದೆ. ಕಥೆಯ ಎಳೆ, ಮಾತಿನ ಎಳೆ, ಎಳೆಎಳೆಯಾಗಿ ಬಿಡಿಸಿ ಹೇಳುವುದು ಇವೆಲ್ಲ ನಮ್ಮ ದಿನದ ಮಾತು. ಸಾಲಾಗಿ ಮುಂದುವರಿಯುವ ವಿಷಯಕ್ಕೆ ಎಳೆ ಎನ್ನುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹಲವು ಎಳೆ ಸೇರಿ ಒಂದು ಹಗ್ಗ ಎಂಬ ಚಿತ್ರ, ಹಲವು ಥ್ರೆಡ್ ಸೇರಿ ಒಂದು ಪ್ರೋಗ್ರಾಂ ಎಂಬುದಕ್ಕೆ ಹೊಂದುತ್ತದೆ. ಒಂದೆಳೆ, ಬಹುಎಳೆ ಎಂದು ಮುಂದಿನ ಪದಗಳೂ ಹುಟ್ಟುತ್ತವೆ.

ವಾಕ್ಯದಲ್ಲಿಟ್ಟು ನೋಡೋಣ. ಗ್ರಂಥಾಲಯದ ಪ್ರೋಗ್ರಾಂನಲ್ಲಿ ಪುಸ್ತಕಗಳ ಎಣಿಕೆ 10 ಇದೆ. ಎರಡು ಎಳೆಗಳು ಒಂದೇ ಹೊತ್ತಿಗೆ ತಲಾ ಒಂದು ಪುಸ್ತಕ ಸೇರಿಸಬೇಕು. ಮೊದಲ ಎಳೆ 10 ಎಂದು ಓದಿಕೊಂಡಿತು. ಅದು ಬರೆಯುವ ಮೊದಲೇ ಎರಡನೆಯ ಎಳೆಯೂ 10 ಎಂದು ಓದಿಕೊಂಡಿತು. ಎರಡೂ ಒಂದು ಕೂಡಿಸಿ 11 ಎಂದು ಬರೆದವು. ಬರಬೇಕಾದ ಉತ್ತರ 12. ಈ ವಿವರಣೆಯಲ್ಲಿ ಎಲ್ಲೂ ಇಂಗ್ಲಿಷ್ ಪದದ ಕೊರತೆ ಕಾಡಲಿಲ್ಲ. ಹೋಲಿಕೆಯ ಮಿತಿಯನ್ನೂ ಹೇಳಬೇಕು. ಹಗ್ಗದಲ್ಲಿ ಎಲ್ಲ ಎಳೆಗಳೂ ಒಟ್ಟಿಗೆ ಸಾಗುತ್ತವೆ. ಒಂದೇ ಕೋರ್ ಇರುವ ಸಂಸ್ಕಾರಕದಲ್ಲಿ ಅವು ಸರದಿಯಂತೆ ಸ್ವಲ್ಪ ಸ್ವಲ್ಪ ಸಾಗುತ್ತವೆ.

ಆದರೂ ಈ ಪದ ಒಂದು ಕಡೆ ಎಡವುತ್ತದೆ. ಅದು ಯಾಕೆಂದು ತಿಳಿಯಲು ತಂತ್ರಾಂಶ ಕನ್ನಡಕ್ಕೆ ಬರುವ ಬಗೆ ತಿಳಿದಿರಬೇಕು. ಮುಕ್ತ ತಂತ್ರಾಂಶಗಳಲ್ಲಿ ಹೆಚ್ಚಾಗಿ ಅನುವಾದಕರಿಗೆ ತೆರೆ ಕಾಣುವುದಿಲ್ಲ. ಬಿಡಿ ಬರಹಗಳ ಪಟ್ಟಿ ಸಿಗುತ್ತದೆ, ಅವರು ಪ್ರತಿಯೊಂದರ ಕೆಳಗೆ ಕನ್ನಡ ಬರೆಯುತ್ತಾರೆ.

```
msgctxt "mail conversation"
msgid "Thread"
msgstr "ಮಾತಿನ ಎಳೆ"
```

ಮೊದಲ ಸಾಲು ಸಂದರ್ಭವನ್ನು ಹೇಳುತ್ತದೆ. ಎಷ್ಟೋ ಬರಹಗಳಿಗೆ ಆ ಸಾಲೇ ಇರುವುದಿಲ್ಲ. ಆಗ ಅನುವಾದಕರು ಬರಿದೇ ‘ಎಳೆ’ ಎಂದು ಬರೆದರೆ ತೆರೆಯ ಮೇಲೆ ಅದು ನಾಮಪದವಾಗಿ ಕಾಣುವುದಿಲ್ಲ. ಕನ್ನಡದಲ್ಲಿ ‘ಎಳೆ’ ಕ್ರಿಯಾಪದವೂ ಹೌದು. ಗುಂಡಿಯ ಮೇಲೆ ಒಂಟಿಯಾಗಿ ಕಂಡರೆ ಬೆರಳಿನಿಂದ ಎಳೆಯಲು ಹೇಳುತ್ತಿದೆ ಎಂದೇ ಅರ್ಥ. ಎಳೆಯ ಮಗು ಎಂಬಲ್ಲಿನ ಮೂರನೆಯ ಅರ್ಥವೂ ಇದೆ. ಆದ್ದರಿಂದ ‘ಎಳೆಗಳು’ ಎಂದು ಬಹುವಚನದಲ್ಲಿ, ಅಥವಾ ‘ಮಾತಿನ ಎಳೆ’, ‘ಕಾರ್ಯದ ಎಳೆ’ ಎಂದು ಜೊತೆಪದದೊಂದಿಗೆ ಬಳಸಬೇಕು. ಆಗ ಎರಡು ಪಾರಿಭಾಷಿಕ ಅರ್ಥಗಳೂ ತಾವಾಗಿ ಬೇರೆಯಾಗುತ್ತವೆ.

ಪಾಠಯೋಜನೆಯಲ್ಲಿ ಇದಕ್ಕೆ ಜಾಗ

ಪದದ ಬಗೆಗಿನ ತೀರ್ಪು ಸ್ಟಾಫ್ ರೂಮಿನಲ್ಲಿ ಮುಗಿಯುವುದಿಲ್ಲ, ತರಗತಿಯಲ್ಲಿ ಎರಡು ಪ್ರಶ್ನೆಗಳಿಂದ ಅದನ್ನು ಖಚಿತಪಡಿಸಿಕೊಳ್ಳಬಹುದು. ಪೀಠಿಕೆಯ ಹಂತದಲ್ಲಿ, ಅರ್ಥ ಹೇಳುವ ಮೊದಲು, ಪದವನ್ನು ಕಪ್ಪುಹಲಗೆಯ ಮೇಲೆ ಬರೆದು ಏನು ನೆನಪಾಗುತ್ತದೆ ಎಂದು ಕೇಳುವುದು. ದುಡ್ಡು, ಕಳ್ಳರ ಅಡಗುದಾಣ, ಮತದಾರರ ಚೀಟಿ ಇಂಥ ಉತ್ತರಗಳು ಬಂದರೆ ಯಾವ ತಪ್ಪು ಚಿತ್ರವನ್ನು ಅಳಿಸಬೇಕು ಎಂಬುದು ಆಗಲೇ ತಿಳಿಯುತ್ತದೆ.

ಮೌಲ್ಯಮಾಪನದ ಹಂತದಲ್ಲಿ ವ್ಯಾಖ್ಯೆ ಕೇಳಬಾರದು, ಊಹೆ ಕೇಳಬೇಕು. ‘ಕ್ಯಾಶ್ ಎಂದರೇನು?’ ಎಂದರೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ‘ಬ್ರೌಸರ್ ಕ್ಯಾಶ್ ಅಳಿಸಿದರೆ ಏನು ಕಳೆದುಹೋಗುತ್ತದೆ?’ ಎಂದರೆ ಯೋಚಿಸಲೇಬೇಕು. ಏನೂ ಕಳೆಯುವುದಿಲ್ಲ, ಮುಂದಿನ ಸಲ ಪುಟ ನಿಧಾನವಾಗಿ ತೆರೆಯುತ್ತದೆ ಎಂದು ಮಗು ಹೇಳಿದರೆ ಪದ ಕೆಲಸ ಮಾಡಿದೆ. ‘ನನ್ನ ಫೋಟೊಗಳು ಹೋಗುತ್ತವೆ’ ಎಂದರೆ ಮಗು ಇನ್ನೂ ‘ಸಂಗ್ರಹ’ದಲ್ಲೇ ನಿಂತಿದೆ. ಹಾಗೆಯೇ ‘ಇದೇ ಜಾಲತಾಣವನ್ನು ಬೇರೆ ಫೋನಿನಲ್ಲಿ ತೆರೆದರೆ ನಿನ್ನನ್ನು ಗುರುತಿಸುತ್ತದೆಯೇ?’ ಎಂಬ ಪ್ರಶ್ನೆ ಕುಕೀ ಅರ್ಥವಾಗಿದೆಯೇ ಎಂದು ತೋರಿಸುತ್ತದೆ. ಆ ಫೋನಿನ ಬ್ರೌಸರ್ ಹತ್ತಿರ ಟೋಕನ್ ಇಲ್ಲ, ಲಾಗಿನ್ ಆಗುವವರೆಗೆ ಗುರುತಿಸುವುದಿಲ್ಲ ಎಂಬ ಉತ್ತರ ಬಂದರೆ ಆ ಮಗುವಿನ ಮಟ್ಟಿಗೆ ‘ಕುಕೀ’ ಕನ್ನಡದ ಪದವಾಯಿತು.